ಐದು ಲಕ್ಷದ ಸುಳ್ಳು, 81,300ರ ಖರೆ

ಊರಾಗ ಪಟ್ಟಿ ಎತ್ತೋದು ನಮಗೆ ಹೊಸದಲ್ಲ. ಜಾತ್ರೆಗೆ, ಗುಡಿಯ ಕಳಸಕ್ಕೆ, ಸಪ್ತಾಹಕ್ಕೆ ಪಾವತಿ ಪುಸ್ತಕ ಹಿಡಿದು ಮನೆ ಮನೆ ತಿರುಗಿದವರೇ ನಾವು. ಅಲ್ಲಿ ಮೊದಲೇ ಲೆಕ್ಕ ಕೇಳುವವರು ಕಡಿಮೆ. ಪಟ್ಟಿ ಹಿಡಿದು ಬಂದವ ಯಾರ ಮಗ, ಹೋದ ವರ್ಷದ ಪಟ್ಟಿ ಏನಾಯಿತು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಬಂದವನ ಮುಖವೇ ಜಾಮೀನು. ಈಗ ಅದೇ ಪಟ್ಟಿಯನ್ನು ಮೊಬೈಲಿನಲ್ಲಿ, ದೇಣಿಗೆ ಕೂಡಿಸುವ ಜಾಲತಾಣಗಳಲ್ಲಿ ಎತ್ತುತ್ತಿದ್ದೇವೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಕೂತು ಓದುವವರಿಗೆ ನಮ್ಮ ಮುಖ ಗೊತ್ತಿಲ್ಲ. ಅಲ್ಲಿ ಜಾಮೀನು ನಿಲ್ಲಬೇಕಾದದ್ದು ಲೆಕ್ಕ. ನಮ್ಮವರು ಬರೆಯುವ ಪುಟಗಳಲ್ಲಿ ಇಲ್ಲದಿರುವುದೂ ಅದೇ. ನನ್ನ ತಕರಾರು ಇಷ್ಟು.

ಇಂಥ ಪುಟ ಹೇಗಿರುತ್ತದೆ ಎಂದು ಒಂದು ವಾಚನಾಲಯವನ್ನೇ ಇಟ್ಟುಕೊಂಡು ನೋಡೋಣ. ಕೋಣೆ ಇಪ್ಪತ್ತು ಅಡಿ ಉದ್ದ, ಹದಿನಾರು ಅಡಿ ಅಗಲ. ತಗಡು ತೂತು ಬಿದ್ದು ಮಳೆಗಾಲದಲ್ಲಿ ಪುಸ್ತಕ ನೆನೆಯುತ್ತವೆ. ಆದರೆ ಪುಟದ ಮೇಲೆ ತಗಡಿನ ಮಾತೇ ಇಲ್ಲ. ತಲೆಬರಹ, "ಗಡಿನಾಡಿನ ಕನ್ನಡ ಉಳಿಸಿ". ಗುರಿ 5,00,000 ರೂಪಾಯಿ. ಅದರಲ್ಲಿ ಕಟ್ಟಡಕ್ಕೆ 2,00,000, ಪುಸ್ತಕಕ್ಕೆ 1,00,000, ಡಿಜಿಟಲ್ ಗ್ರಂಥಾಲಯಕ್ಕೆ 1,25,000, ಇತರೆ 75,000. ಐನೂರು ಕೊಟ್ಟವರಿಗೆ ಟೀ-ಶರ್ಟು, ಐದು ಸಾವಿರ ಕೊಟ್ಟವರಿಗೆ ಶಾಲು, ಫಲಕ, ಸನ್ಮಾನ.

ಇಷ್ಟು ಯಾಕೆ ಕೇಳಿದಿರಿ ಅಂದರೆ ಬರುವ ಉತ್ತರ ಒಂದೇ: "ಐದು ಕೇಳಿದ್ರ ಎರಡಾದ್ರೂ ಬರ್ತಾವ್ರೀ." ಎತ್ತಿನ ಸಂತೆಯಲ್ಲಿ ಇದು ನಡೆದೀತು. ಅಲ್ಲಿ ಕೊಳ್ಳುವವ ಎದುರಿಗಿದ್ದಾನೆ, ಚೌಕಾಶಿ ಮಾಡುತ್ತಾನೆ. ಇಲ್ಲಿ ಓದುವವ ಚೌಕಾಶಿ ಮಾಡುವುದಿಲ್ಲ, ಸುಮ್ಮನೆ ಪುಟ ಮುಚ್ಚುತ್ತಾನೆ. ಒಂದು ಕೋಣೆಯ ವಾಚನಾಲಯಕ್ಕೆ ಐದು ಲಕ್ಷ ಯಾಕೆ, ಅದರಲ್ಲಿ ಮುಕ್ಕಾಲು ಲಕ್ಷದ "ಇತರೆ" ಯಾರ ಕಿಸೆಗೆ, ಎಂಬ ಪ್ರಶ್ನೆ ಅವನಿಗೆ ಬರಲೇಬೇಕು. ಪುಟದಲ್ಲಿ ಅದಕ್ಕೆ ಉತ್ತರವಿಲ್ಲ. ಕನ್ನಡ ಉಳಿಸುವ ಮಾತು ದೊಡ್ಡದೇ, ಆದರೆ ಅದಕ್ಕೆ ಕೊಟೇಶನ್ ಸಿಗುವುದಿಲ್ಲ. ತಗಡಿಗೆ ಸಿಗುತ್ತದೆ.

ಹಾಗಾದರೆ ಪುಟ ತಿದ್ದುವುದು ಎಲ್ಲಿಂದ? ಭಾಷೆಯಿಂದ ಅಲ್ಲ, ಅಳತೆ ಟೇಪಿನಿಂದ. ಎರಡೂ ಇಳಿಜಾರು ಸೇರಿ ಹತ್ತು ಅಡಿಯ ತಗಡು ಹದಿನಾಲ್ಕು ಬೇಕು. ಒಂದಕ್ಕೆ 1,300 ರೂಪಾಯಿ ಎಂದು ಅಂಗಡಿಯವ ಬರೆದುಕೊಟ್ಟರೆ 18,200 ಆಯಿತು. ಪೈಪು, ಸ್ಕ್ರೂ 16,000. ಹಳೆಯದನ್ನು ಕಿತ್ತು ಹೊಸದು ಹಾಕುವ ಕೂಲಿ 9,000, ಸಾಗಾಣಿಕೆ 1,800. ಮಾಡಿನ ಕೆಲಸ ಒಟ್ಟು 45,000. ಕಬ್ಬಿಣದ ರ್‍ಯಾಕು ನಾಲ್ಕು, ಒಂದಕ್ಕೆ 4,500ರಂತೆ 18,000. ಮಕ್ಕಳ ಪುಸ್ತಕ ಮುನ್ನೂರು, ಸರಾಸರಿ 120 ಹಿಡಿದರೆ 36,000. ಎಲ್ಲ ಕೂಡಿ 99,000. ಡಿಜಿಟಲ್ ಗ್ರಂಥಾಲಯ ಬಿಟ್ಟುಬಿಡಿ. ಮಾಡು ಸೋರುವ ಕೋಣೆಯಲ್ಲಿ ಕಂಪ್ಯೂಟರ್ ಇಡುತ್ತೇವೆ ಎಂದರೆ ನಂಬುವವರಾರು?

ಇದರಲ್ಲಿ ಊರೇ 24,000 ಕೂಡಿಸಿದ್ದರೆ ಅದನ್ನು ಪುಟದ ಮೊದಲ ಸಾಲಿನಲ್ಲಿ ಬರೆಯಬೇಕು. ಹೊರಗಿನವನಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆಗ ಹೊರಗಿನಿಂದ ಬೇಕಾದದ್ದು 75,000. ನೂರು ಜನ ಕೊಡುತ್ತಾರೆಂದು ಹಿಡಿದು, ಅವರಿಗೆ ಒಂದೊಂದು ಕಾಗದ ಕಳಿಸುವ ಖರ್ಚು 1,500 ಸೇರಿದರೆ 76,500.

ಇಲ್ಲಿ ಎಲ್ಲರೂ ಮರೆಯುವ ಒಂದು ಕಡಿತವಿದೆ. ಜಾಲತಾಣದ ಶುಲ್ಕ, ಹಣ ದಾಟಿಸುವವರ ಶುಲ್ಕ, ಅದರ ಮೇಲೆ 18% ಜಿಎಸ್‌ಟಿ. ಶುಲ್ಕ ಜಾಲತಾಣಕ್ಕೊಂದು ತರಹ ಇರುತ್ತದೆ, ಅವರ ಕರಾರನ್ನು ಓದಿಯೇ ಹಿಡಿಯಬೇಕು. ಎರಡೂ ಸೇರಿ ನೂರಕ್ಕೆ ಐದು ಎಂದುಕೊಂಡರೆ ಜಿಎಸ್‌ಟಿ ಕೂಡಿ 5 ರೂಪಾಯಿ 90 ಪೈಸೆ ಹೋಗುತ್ತದೆ, ಕೈಗೆ ಬರುವುದು 94 ರೂಪಾಯಿ 10 ಪೈಸೆ. ಬರೇ 76,500 ಕೇಳಿ, ಅಷ್ಟೂ ಬಂದರೂ ಸುಮಾರು 4,500 ಕಡಿಮೆ ಬೀಳುತ್ತದೆ. ಒಂದು ರ್‍ಯಾಕು ಹೋಯಿತು! ಅದಕ್ಕೇ 76,500ನ್ನು 0.941ರಿಂದ ಭಾಗಿಸಬೇಕು. ಬರುವುದು 81,296. ಗುರಿ 81,300 ಎಂದಿಡಿ. ಇದನ್ನು ಒಂದು ಲಕ್ಷಕ್ಕೆ ಗುಂಡಗೆ ಮಾಡಬೇಡಿ. ಪ್ರತಿ ರೂಪಾಯಿಗೂ ಪುಟದಲ್ಲೇ ಹೆಸರಿರುವುದರಿಂದ ಓದುವವ ತಾನೇ ಕೂಡಿಸಿ ನೋಡಬಹುದು.

ಇನ್ನು ಕಾಣಿಕೆಯ ಮಾತು. ಟೀ-ಶರ್ಟು 220, ಪಾರ್ಸೆಲ್ 70, ಕಡಿತ 29 ರೂಪಾಯಿ 50 ಪೈಸೆ. ಐನೂರು ಕೊಟ್ಟ ಪುಣ್ಯಾತ್ಮನ ಹಣದಲ್ಲಿ ತಗಡಿಗೆ ಮುಟ್ಟುವುದು 180 ರೂಪಾಯಿ 50 ಪೈಸೆ! ಅವನು ಅಂಗಿ ಕೊಳ್ಳಲು ಬಂದವನಲ್ಲ. ವಾಚನಾಲಯ ಕೊಡಬಹುದಾದದ್ದನ್ನೇ ಕೊಡಬೇಕು. 120 ಕೊಟ್ಟವರ ಹೆಸರು ಒಂದು ಪುಸ್ತಕದ ಒಳಹಾಳೆಯ ಮೇಲೆ. 1,300 ಕೊಟ್ಟವರ ಲೆಕ್ಕಕ್ಕೆ ಒಂದು ತಗಡು. 4,500 ಕೊಟ್ಟವರ ಹೆಸರು ರ್‍ಯಾಕಿನ ಮೇಲೆ, ಬಣ್ಣದಲ್ಲಿ. ಎಲ್ಲರಿಗೂ ಶಾಲೆಯ ಮಗು ಕೈಯಾರೆ ಬರೆದ ಒಂದು ಕಾಗದ. ಹೀಗೆ ಕಾಣಿಕೆಯ ಮೊತ್ತವೂ ಖರ್ಚಿನ ಪಟ್ಟಿಯಿಂದಲೇ ಬರುತ್ತದೆ. ಆದಾಯ ತೆರಿಗೆಯ ರಿಯಾಯಿತಿ, ಅಂದರೆ ಜನ 80ಜಿ ಎಂದು ಕರೆಯುವುದು, ಅದಕ್ಕಾಗಿ ನೋಂದಣಿ ಆಗಿರುವ ಸಂಸ್ಥೆಗೆ ಮಾತ್ರ. ಸಂಘ ರಿಜಿಸ್ಟರ್ ಆಗಿದೆ ಎಂದಾಕ್ಷಣ ಅದು ಸಿಗುವುದಿಲ್ಲ. ಇಲ್ಲದಿದ್ದರೆ "ರಿಯಾಯಿತಿ ಇಲ್ಲ" ಎಂದೇ ಬರೆಯಿರಿ.

ಅರ್ಧ ಹಣ ಬಂದರೆ ಏನು? ಕೆಲವು ಜಾಲತಾಣಗಳಲ್ಲಿ ಗುರಿ ಮುಟ್ಟದಿದ್ದರೆ ಹಣ ಕೊಟ್ಟವರಿಗೇ ವಾಪಸಾಗುತ್ತದೆ, ಕೆಲವದರಲ್ಲಿ ಬಂದಷ್ಟು ನಮಗೆ ಸಿಗುತ್ತದೆ. ಎರಡನೆಯದಾದರೆ ಈ ಪ್ರಶ್ನೆಗೆ ಪುಟವೇ ಉತ್ತರಿಸಬೇಕು. ಮೊದಲು ಮಾಡು, ಉಳಿದರೆ ರ್‍ಯಾಕು, ಆಮೇಲೆ ಪುಸ್ತಕ. ಇಷ್ಟೆಲ್ಲ ಆದ ಮೇಲೆ ಬರೆಯುವುದು ನಾಲ್ಕೇ ಸಾಲು:

"ನಮ್ಮ ವಾಚನಾಲಯದ ಮಾಡು ಸೋರುತ್ತದೆ. ಊರವರು 24,000 ಕೂಡಿಸಿದ್ದೇವೆ, ಇನ್ನು 81,300 ಬೇಕು. ಮಾಡು, ನಾಲ್ಕು ರ್‍ಯಾಕು, ಮುನ್ನೂರು ಪುಸ್ತಕದ ಲೆಕ್ಕ ಕೆಳಗಿದೆ, ಅಂಗಡಿಯ ಕೊಟೇಶನ್ ತಾರೀಖಿನ ಸಮೇತ ಇದೆ. ಹಣ ವಾಚನಾಲಯದ ಖಾತೆಗೇ ಹೋಗುತ್ತದೆ, ಕಡಿಮೆ ಬಂದರೆ ಮಾಡು ಮಾತ್ರ ಮಾಡುತ್ತೇವೆ."

"ಇಷ್ಟು ಸಣ್ಣ ಲೆಕ್ಕ ಬರೆದ್ರ ಊರ ಮಾನ ಏನಾತು?" ಎನ್ನುವವರಿದ್ದಾರೆ. ಸೋರುವ ತಗಡು ಎಣಿಸಿ ಹೇಳಿದರೆ ಮಾನ ಹೋಗುವುದಿಲ್ಲ. ಐದು ಲಕ್ಷ ಕೇಳಿ, ನಲವತ್ತು ಸಾವಿರ ಬಂದು, ಅದರ ಲೆಕ್ಕ ಯಾರಿಗೂ ಕೊಡದೆ ಕೂತರೆ ಹೋಗುತ್ತದೆ. ಹೋಗುವುದು ನಮ್ಮೊಬ್ಬರದೂ ಅಲ್ಲ. ಮುಂದಿನ ವರ್ಷ ಪಕ್ಕದೂರಿನ ಕನ್ನಡ ಶಾಲೆಯವರು ನಿಜವಾದ ಗೋಡೆಗೆ ಹಣ ಕೇಳಿದಾಗ, "ಗಡಿನಾಡವರೇನ್ರೀ? ಹಿಂದೊಮ್ಮೆ ಕೊಟ್ಟಿದ್ವಿ" ಎಂಬ ಉತ್ತರ ಅವರಿಗೆ ಬರುತ್ತದೆ. ರೇಟು ಏರಿದರೆ ಎಂಬ ಇನ್ನೊಂದು ಆಕ್ಷೇಪ ನ್ಯಾಯವಾದದ್ದು. ಅದಕ್ಕೆ "ಇತರೆ" ಮದ್ದಲ್ಲ. ಹೊಸ ಕೊಟೇಶನ್ ಹಾಕಿ, ಇಷ್ಟು ಏರಿತು, ಅದಕ್ಕೆ ಪುಸ್ತಕ ಇಷ್ಟು ಕಡಿಮೆ ಮಾಡಿದೆವು ಎಂದು ಬರೆದರೆ ಆಯಿತು.

ಕೆಲಸ ಮುಗಿದ ದಿನ ಬಿಲ್ಲುಗಳ ಫೋಟೋ ಅದೇ ಪುಟದಲ್ಲಿ ಹಾಕಿ, ಅದೇ ಲೆಕ್ಕವನ್ನು ವಾಚನಾಲಯದ ಗೋಡೆಗೂ ಅಂಟಿಸಿ. ಎರಡರಲ್ಲೂ ಅಂಕಿ ಒಂದೇ ಇರಬೇಕು. ಊರವರ ಮುಂದೆ ಹಚ್ಚಲಾಗದ ಅಂಕಿಯನ್ನು ಹೊರಗಿನವರ ಮುಂದೆ ಇಡುವ ಹಕ್ಕು ನಮಗಿಲ್ಲ.