ಅಣ್ಣನಿಗೊಂದು ಲೆಕ್ಕ, ದುಬೈ ತಮ್ಮನಿಗೊಂದು ಲೆಕ್ಕ

ಕೊಲ್ಹಾರದಲ್ಲಿ ಅಪ್ಪ ಬಿಟ್ಟುಹೋದ ಮನೆಯೊಂದು ಇದೆ ಅಂದುಕೊಳ್ಳಿ. ಅಣ್ಣ ಊರಲ್ಲೇ ಇದ್ದಾನೆ, ತಮ್ಮ ದುಬೈಯಲ್ಲಿ ದುಡಿಯುತ್ತಾನೆ. 2025ರ ಕೊನೆಗೆ ಮನೆ 40 ಲಕ್ಷಕ್ಕೆ ಹೋಯಿತು, ತಲಾ 20 ಲಕ್ಷ. ಅಪ್ಪನ ಕಾಲದ ಆಸ್ತಿಯಾದ್ದರಿಂದ ಲೆಕ್ಕ ಶುರುವಾಗುವುದು 2001ರ ಏಪ್ರಿಲ್ 1ರ ಬೆಲೆಯಿಂದ. ಅದು ಒಬ್ಬೊಬ್ಬರ ಪಾಲಿಗೆ 5 ಲಕ್ಷ ಎಂದಿಟ್ಟುಕೊಳ್ಳೋಣ.

ಅಣ್ಣ ಆ 5 ಲಕ್ಷವನ್ನು ಬೆಲೆಯೇರಿಕೆ ಸೂಚ್ಯಂಕದಿಂದ ಹಿಗ್ಗಿಸಿ 18.80 ಲಕ್ಷ ಮಾಡಿಕೊಳ್ಳಬಹುದು. ಉಳಿದ ಲಾಭ 1.20 ಲಕ್ಷ. ಅದಕ್ಕೆ ಶೇ. 20 ತೆರಿಗೆ, ಸೆಸ್ ಸೇರಿ 24,960 ರೂಪಾಯಿ. ತಮ್ಮನಿಗೆ ಆ ಅವಕಾಶವೇ ಇಲ್ಲ. ಅವನ ಲಾಭ ಪೂರಾ 15 ಲಕ್ಷ, ಶೇ. 12.5ರಂತೆ ಸೆಸ್ ಸೇರಿ 1,95,000. ಅದೇ ಮನೆ, ಅದೇ ಅಪ್ಪ! 2024ರ ಜುಲೈ 23ರ ಬದಲಾವಣೆಗೆ ಕೂಗು ಎದ್ದಾಗ ಸರಕಾರ ಹಳೇ ಲೆಕ್ಕವನ್ನು ಇಲ್ಲಿ ವಾಸವಿರುವವರಿಗೆ ಮಾತ್ರ ಉಳಿಸಿಕೊಟ್ಟಿತು. ಹೊರಗೆ ದುಡಿಯುವವನ ಪರ ಕೂಗುವವರು ಯಾರೂ ಇರಲಿಲ್ಲವೇನೋ.

ಇದರ ಮೇಲೆ ಟಿಡಿಎಸ್. ಊರವರಿಂದ ಕೊಂಡರೆ 50 ಲಕ್ಷದೊಳಗೆ ಕಡಿತವಿಲ್ಲ. ಅನಿವಾಸಿಯಿಂದ ಕೊಂಡರೆ ಆ ಮಿತಿಯೇ ಇಲ್ಲ. ಕಾನೂನು ಹೇಳುವುದು ಲಾಭದ ಮೇಲಿನ ತೆರಿಗೆ, ಆದರೆ ಲಾಭ ಎಷ್ಟೆಂದು ಕೊಳ್ಳುವವನು ತಾನೇ ನಿರ್ಧರಿಸುವಂತಿಲ್ಲ. ಹೆದರಿ ಪೂರ್ತಿ 20 ಲಕ್ಷಕ್ಕೆ ಶೇ. 13ರಂತೆ 2,60,000 ಹಿಡಿಯುತ್ತಾನೆ. ಹೆಚ್ಚಾದ 65,000 ವಾಪಸ್ ಬರಬೇಕಾದರೆ ತಮ್ಮ ರಿಟರ್ನ್ ಸಲ್ಲಿಸಿ ಕಾಯಬೇಕು. ಇದನ್ನು ತಪ್ಪಿಸುವ ದಾರಿ: ಹಣ ಕೈ ಬದಲಾಗುವ ಮೊದಲೇ ಮಾರುವವನು ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿ, ಕಡಿಮೆ ಕಡಿತದ ಪ್ರಮಾಣಪತ್ರ ತರಬೇಕು. ನೋಂದಣಿ ಆದಮೇಲೆ ನೆನಪಾದರೆ ಉಪಯೋಗವಿಲ್ಲ.

‘ಪಾಸ್‌ಪೋರ್ಟ್ ನಮ್ಮ ದೇಶದ್ದೇ ಐತಿ, ಕಡಿತ ಯಾಕ?’ ಎನ್ನುವವರಿದ್ದಾರೆ. ಇಲ್ಲಿ ನೋಡುವುದು ಪಾಸ್‌ಪೋರ್ಟ್ ಅಲ್ಲ, ವರ್ಷದಲ್ಲಿ ಎಷ್ಟು ದಿನ ಇಲ್ಲಿದ್ದ ಎಂಬುದನ್ನು. ಕಡಿತ ಮಾಡದಿದ್ದರೆ ಇಲಾಖೆ ಬಡ್ಡಿ ಸಮೇತ ಕೇಳುವುದು ಕೊಂಡವನನ್ನು, ಅಂದರೆ ಊರಲ್ಲಿರುವ ನಿಮ್ಮನ್ನು.

ಹೊಲದ ಮಾತು ಬೇರೆ. ಪಟ್ಟಣದ ಗಡಿಯಿಂದ ಸಾಕಷ್ಟು ದೂರದ ಹಳ್ಳಿಯ ಸಾಗುವಳಿ ಜಮೀನಿಗೆ ಈ ಲಾಭದ ತೆರಿಗೆಯೇ ಇಲ್ಲ. ಹತ್ತು ಸಾವಿರದಿಂದ ಒಂದು ಲಕ್ಷ ಜನಸಂಖ್ಯೆಯ ಊರಾದರೆ ಗಡಿಯಿಂದ 2 ಕಿ.ಮೀ. ದಾಟಿರಬೇಕು. ಆದರೆ ಅನಿವಾಸಿ ಅದನ್ನು ಇಲ್ಲೇ ವಾಸವಿರುವ ಭಾರತೀಯ ಪ್ರಜೆಗೆ ಮಾತ್ರ ಮಾರಬಹುದು.

ಇನ್ನು ನಮ್ಮ ದಲಾಲರ ಉಪಾಯ: ‘ಅರ್ಧ ರೊಕ್ಕ ಕೈಯಾಗ ತಗೋರಿ.’ ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಕಾನೂನುಬಾಹಿರ. ಅದೂ ಅಲ್ಲದೆ, ಹೀಗೆ ಬಂದ ಹಣ ದುಬೈಗೆ ಹೋಗುವುದಿಲ್ಲ. ಮಾರಾಟದ ಹಣ ತಮ್ಮನ ಎನ್‌ಆರ್‌ಒ ಖಾತೆಗೆ ಬರಬೇಕು. ಅಲ್ಲಿಂದ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕಳಿಸಬಹುದು, 20 ಲಕ್ಷ ರೂಪಾಯಿಗೆ ಅದು ಧಾರಾಳ. ಆದರೆ ಬ್ಯಾಂಕು ಖರೀದಿಪತ್ರ, ವಾರಸಾ ದಾಖಲೆ, ತೆರಿಗೆ ಕಟ್ಟಿದ್ದಕ್ಕೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ಕೇಳುತ್ತದೆ. ಪತ್ರದಲ್ಲಿ 10 ಲಕ್ಷ ಬರೆಸಿದವನಿಗೆ ಉಳಿದ 10 ಲಕ್ಷ ಅಣ್ಣನ ಟ್ರಂಕಿನಲ್ಲೇ ಉಳಿಯುತ್ತದೆ.