ಪರಿಚಯವೋ, ಹಾಜರಿಯೋ?

ಹೊರನಾಡಿನ ಕನ್ನಡ ಸಂಘಗಳ ಕೂಟದಲ್ಲಿ ಸಾಮಾನ್ಯವಾಗಿ ಕಾಣುವ ದೃಶ್ಯವಿದು. ಪ್ರಾರ್ಥನೆ ಮುಗಿದಿರುತ್ತದೆ, ಉಪ್ಪಿಟ್ಟು ಇನ್ನೂ ಬಂದಿರುವುದಿಲ್ಲ. ‘ಹೊಸಬರು ತಮ್ಮ ಪರಿಚಯ ಮಾಡಿಕೊಳ್ಳಲಿ’ ಎನ್ನುತ್ತಾರೆ ಕಾರ್ಯದರ್ಶಿಗಳು. ಶುರುವಾಗುತ್ತದೆ: ‘ನಾನು ಸುರೇಶ್, ಐಟಿ.’ ‘ನಾನು ಪ್ರಕಾಶ್, ಬ್ಯಾಂಕು.’ ‘ನಾನು ಸವಿತಾ... ಏನಿಲ್ಲ, ಹೌಸ್‌ವೈಫ್.’ ಇಪ್ಪತ್ತು ಜನ ಮಾತಾಡಿ ಮುಗಿಸುತ್ತಾರೆ, ಯಾರಿಗೂ ಯಾರ ಪರಿಚಯವೂ ಆಗಿರುವುದಿಲ್ಲ. ಅಲ್ಲಿ ನಡೆದದ್ದು ಪರಿಚಯವಲ್ಲ, ಹಾಜರಿ.

‘ಹೆಸರು, ಕೆಲಸ ಹೇಳದೆ ಇನ್ನೇನು ಹೇಳುವುದು? ಚುಟುಕಾಗಿ ಮುಗಿಯುತ್ತದಲ್ಲ’ ಎಂಬ ಸಮರ್ಥನೆ ಸಿದ್ಧವಾಗಿಯೇ ಇರುತ್ತದೆ. ಚುಟುಕಾಗಿ ಮುಗಿಯುವುದು ನಿಜ. ಉಳಿಯುವುದೇನು ಎಂಬುದು ಪ್ರಶ್ನೆ. 1987ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ಪದವನ್ನು ಕೆಲವೊಮ್ಮೆ ಒಬ್ಬರ ಅಡ್ಡಹೆಸರೆಂದೂ ಕೆಲವೊಮ್ಮೆ ಕಸುಬೆಂದೂ ಮುಖದ ಚಿತ್ರದೊಂದಿಗೆ ಕಲಿಸಿದರು. ಹೆಸರೆಂದು ಕಲಿತದ್ದಕ್ಕಿಂತ ಕಸುಬೆಂದು ಕಲಿತದ್ದು ಚೆನ್ನಾಗಿ ನೆನಪಿಗೆ ಬಂತು. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಿಲ್ಲ. ‘ಇವರು ಬಡಿಗೇರ’ ಎಂದರೆ ಅದು ಬರೀ ಅಡ್ಡಹೆಸರು. ‘ಇವರು ಬಡಿಗತನ ಮಾಡ್ತಾರೆ’ ಎಂದರೆ ಉಳಿ, ಮರದ ಪುಡಿ, ಅರ್ಧ ಮುಗಿದ ಬಾಗಿಲು ಎಲ್ಲವೂ ಕಣ್ಣ ಮುಂದೆ ಬರುತ್ತವೆ.

ಹಾಗಿದ್ದರೆ ಕೆಲಸ ಹೇಳುವುದೇ ಸರಿಯಲ್ಲವೇ? ಬಡಗಿಗೆ ಸರಿ. ‘ಸೀನಿಯರ್ ಅಸೋಸಿಯೇಟ್’ ಎಂದರೆ ಯಾರ ಕಣ್ಣ ಮುಂದೆ ಏನು ಬರುತ್ತದೆ? ಹೆಸರಿನಷ್ಟೇ ಖಾಲಿಯಾದ ಇನ್ನೊಂದು ಪದ, ಅಷ್ಟೆ. ಅದರಿಂದ ಹುಟ್ಟುವ ಪ್ರಶ್ನೆ ಒಂದೇ: ‘ಯಾವ ಕಂಪನಿ?’ ಆ ಉತ್ತರ ಕೇಳಿದ ಮೇಲೆ ಎದುರಿನವರು ಸಂಬಳದ ಅಂದಾಜು ಹಾಕುತ್ತಾರೆ, ಮಾತು ನಿಲ್ಲುತ್ತದೆ. ಈ ಪದ್ಧತಿಯ ನಿಜವಾದ ಪೆಟ್ಟು ಬೀಳುವುದು ಸಂಬಳವಿಲ್ಲದವರಿಗೆ. ಗಂಡನ ವರ್ಗಾವಣೆಯಿಂದ ಊರು ಬಿಟ್ಟು ಬಂದವರು, ನಿವೃತ್ತರು, ಕೆಲಸ ಕಳೆದುಕೊಂಡವರು ‘ಏನಿಲ್ಲ’ ಎಂಬ ಮಾತಿನಿಂದಲೇ ತಮ್ಮ ಪರಿಚಯ ಶುರು ಮಾಡಬೇಕಾಗುತ್ತದೆ. ಕೂಟ ನಡೆಯುವುದೇ ಇಂಥವರ ಒಂಟಿತನ ಕಳೆಯಲು. ಅವರನ್ನೇ ಮೊದಲ ವಾಕ್ಯದಲ್ಲಿ ಕುಗ್ಗಿಸುವುದು ಯಾವ ನ್ಯಾಯ?

ಮೇಲಿನ ಸವಿತಾ ಅವರನ್ನೇ ತೆಗೆದುಕೊಳ್ಳಿ. ಗದಗ ಕಡೆಯಿಂದ ಪುಣೆಗೆ ಬಂದವರು ಎಂದಿಟ್ಟುಕೊಳ್ಳೋಣ. ‘ನನಗೆ ಅಡುಗೆ ಅಂದ್ರ ಇಷ್ಟ’ ಎಂದು ಶುರು ಮಾಡಿದರೆ ಸಾಲದು, ಅದು ಸಾವಿರ ಜನಕ್ಕೆ ಹೊಂದುವ ಮಾತು. ‘ನಾನು ನಮ್ಮ ಮನೆಯ ಸಿಇಓ’ ಎಂದರೆ ಇನ್ನೂ ಕೆಟ್ಟದ್ದು. ಹಳಸಿದ ಜೋಕು, ಮೇಲಾಗಿ ಮತ್ತೆ ಹುದ್ದೆಯ ಹಂಗು. ಅವರು ಹೀಗೆ ಹೇಳಬಹುದು:

‘ಗುರೆಳ್ಳಿಗೆ ಇಲ್ಲಿ ಕಾರಳೆ ಅಂತಾರ ಅನ್ನೂದು ಗೊತ್ತಾಗೂದ್ರಾಗ ಮೂರು ಕಿರಾಣಿ ಅಂಗಡಿ ತಿರಿಗಿದ್ದೆ. ನಾನು ಸವಿತಾ, ಗದಗ ಕಡೆಯಾಕಿ.’

ಎರಡೇ ವಾಕ್ಯ, ಹತ್ತು ಸೆಕೆಂಡೂ ಬೇಡ. ಆದರೆ ಕೇಳಿದವರಿಗೆ ಹಿಡಿದುಕೊಳ್ಳಲು ಏನೋ ಸಿಕ್ಕಿತು. ಒಬ್ಬರು ‘ಯಾವ ಅಂಗಡಿಯಾಗ ಸಿಕ್ತು?’ ಎನ್ನುತ್ತಾರೆ. ಇನ್ನೊಬ್ಬರು ತಮಗೆ ಮರಾಠಿ ತಿಳಿಯದೆ ಆದ ಫಜೀತಿ ಹೇಳುತ್ತಾರೆ. ಮೈಸೂರಿನವರು ‘ಗುರೆಳ್ಳು ಅಂದ್ರೆ ಹುಚ್ಚೆಳ್ಳು ತಾನೆ?’ ಎಂದು ಬಾಯಿ ಹಾಕುತ್ತಾರೆ. ಹೆಸರು ಕೊನೆಗೆ ಬಂದದ್ದರಿಂದ ಅದಕ್ಕೆ ಅಂಟಿಕೊಳ್ಳಲು ಒಂದು ಚಿತ್ರ ಆಗಲೇ ಸಿದ್ಧವಿತ್ತು.

ಬ್ಯಾಂಕಿನ ಪ್ರಕಾಶರೂ ಕೆಲಸವನ್ನು ಮುಚ್ಚಿಡಬೇಕಿಲ್ಲ, ಹುದ್ದೆಯ ಬದಲು ದಿನವೂ ನಡೆಯುವುದನ್ನು ಹೇಳಿದರಾಯಿತು: ‘ಪಿಂಚಣಿ ತಗೊಳ್ಳೋಕೆ ಬರೋ ಅಜ್ಜಂದಿರ ಹತ್ರ ಮರಾಠಿ ಕಲಿತವನು ನಾನು. ಹೆಸರು ಪ್ರಕಾಶ್.’ ಪರೀಕ್ಷೆ ಸುಲಭ. ವಾಕ್ಯ ಮುಗಿದ ಮೇಲೆ ‘ಯಾವ ಕಂಪನಿ?’ ಅಲ್ಲದ ಪ್ರಶ್ನೆ ಒಂದಾದರೂ ಹುಟ್ಟಬೇಕು.

ಎಲ್ಲ ಕಡೆ ಇದು ಸಲ್ಲದು. ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ, ಕಚೇರಿಯ ಮೀಟಿಂಗಿನಲ್ಲಿ ಹೆಸರು, ಹುದ್ದೆಯೇ ಮೊದಲು ಬೇಕು. ಇನ್ನೊಂದು ಎಚ್ಚರ: ಕೆಲಸದ ಬದಲು ‘ಯಾವೂರು? ಅಡ್ಡಹೆಸರೇನು?’ ಎಂದು ಕೆದಕುವುದು ಪರಿಹಾರವಲ್ಲ. ಆ ಪ್ರಶ್ನೆಗಳು ಯಾವ ಜಾತಿ ಎಂಬಲ್ಲಿಗೆ ಹೋಗಿ ನಿಲ್ಲುವುದುಂಟು ಎಂಬುದು ಕೇಳುವವರಿಗೂ ಗೊತ್ತು, ಕೇಳಿಸಿಕೊಳ್ಳುವವರಿಗೂ ಗೊತ್ತು. ಊರಿನ ಹೆಸರು ಹೇಳುವುದೋ ಬಿಡುವುದೋ ಹೇಳುವವರ ಇಷ್ಟ.

ತಪ್ಪು ಹೊಸಬರದಲ್ಲ. ಮೊದಲನೆಯವರು ಹೇಳಿದ ಮಾದರಿಯನ್ನೇ ಉಳಿದವರು ಅನುಸರಿಸುತ್ತಾರೆ. ಆದ್ದರಿಂದ ಬದಲಾಗಬೇಕಾದವರು ಮೈಕು ಹಿಡಿದ ಕಾರ್ಯದರ್ಶಿಗಳು. ‘ನಿಮ್ಮ ಪರಿಚಯ ಹೇಳಿ’ ಎನ್ನುವುದನ್ನು ಬಿಟ್ಟು ‘ಈ ಊರಿಗೆ ಬಂದ ಮೇಲೆ ಕಲಿತ ಒಂದು ಸಂಗತಿ ಹೇಳಿ, ಆಮೇಲೆ ಹೆಸರು’ ಎನ್ನಲಿ. ಮೊದಲು ತಮ್ಮದನ್ನು ಹೇಳಲಿ, ‘ನಾನು ಈ ಸಂಘದ ಕಾರ್ಯದರ್ಶಿ’ ಎಂಬುದನ್ನು ಬಿಟ್ಟು.