‘ನಾಳೆ ಬೇಡ’ ಎಂದರೆ ಯಾವ ನಾಳೆ? ತಡವಾಗಿ ಬಂದ ಮೆಸೇಜ್ ಓದುವುದು ಹೇಗೆ

‘ಇವತ್ತು’, ‘ಇಂದು ರಾತ್ರಿ’, ‘ಈಗ’, ‘ನಾಳೆ’. ಎದುರಿಗೆ ನಿಂತು ಮಾತಾಡುವಾಗ ಈ ಪದಗಳಲ್ಲಿ ಗೊಂದಲವಿಲ್ಲ. ಮೆಸೇಜ್‌ನಲ್ಲಿ ಹಾಗಲ್ಲ. ಬರೆದವರು ತಾವು ಬರೆದ ಹೊತ್ತಿನಿಂದ ದಿನ ಎಣಿಸುತ್ತಾರೆ, ಓದುವವರು ತಾವು ಓದಿದ ಹೊತ್ತಿನಿಂದ.

ಒಂದು ಉದಾಹರಣೆ ನೋಡೋಣ. ಕಮಲಾಪುರದ ರೈತರೊಬ್ಬರು ಸೋಮವಾರ ಸಂಜೆ ಕಲಬುರಗಿಯ ಅಡತಿ ಅಂಗಡಿಗೆ ವಾಟ್ಸಾಪ್ ಮಾಡುತ್ತಾರೆ ಎಂದುಕೊಳ್ಳಿ: “ನಾಳಿ ತೊಗರಿ ತರಲೇನ್ರಿ?” ರಾತ್ರಿ 10ಕ್ಕೆ ಉತ್ತರ ಹೊರಡುತ್ತದೆ: “ನಾಳಿ ಬ್ಯಾಡ್ರಿ, ಬಜಾರ ಬಂದ್ ಅದ.” ಅಷ್ಟರಲ್ಲಿ ರೈತರ ಫೋನಿಗೆ ನೆಟ್‌ವರ್ಕ್ ಇಲ್ಲ. ಉತ್ತರ ಬಂದದ್ದು ಮಂಗಳವಾರ ಬೆಳಿಗ್ಗೆ 7ಕ್ಕೆ. ನೋಟಿಫಿಕೇಶನ್ ಮಾತ್ರ ಓದಿದ ಅವರು, ಬುಧವಾರ ಬಜಾರ್ ಬಂದ್, ಇವತ್ತು ಇದೆ ಎಂದು ತಿಳಿದು ಟೆಂಪೊಗೆ ಚೀಲ ಹೇರಿಸುತ್ತಾರೆ. ಹೋಗಿ ನೋಡಿದರೆ ಬಜಾರ್‌ಗೆ ಬೀಗ. ಬಾಡಿಗೆ ದಂಡ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ‘ನಾಳೆ’ ಎಂಬ ಪದ ದಾರಿಯಲ್ಲೇ ಹಳಸಿತ್ತು.

ಫೋನ್ ಆಫ್ ಇದ್ದರೆ ಅಥವಾ ಸಿಗ್ನಲ್ ಇಲ್ಲದಿದ್ದರೆ ವಾಟ್ಸಾಪ್ ಆ ಮೆಸೇಜನ್ನು ತನ್ನ ಸರ್ವರ್‌ನಲ್ಲಿ 30 ದಿನಗಳವರೆಗೆ ಕಾದಿಡುತ್ತದೆ. ಕಳಿಸಿದವರ ಫೋನಿನಲ್ಲಿ ಗಡಿಯಾರದ ಗುರುತು ಇದ್ದರೆ ಮೆಸೇಜ್ ಇನ್ನೂ ಹೊರಟಿಲ್ಲ. ಒಂದು ಟಿಕ್ ಎಂದರೆ ಹೊರಟಿದೆ, ಮುಟ್ಟಿಲ್ಲ. ಎರಡು ಟಿಕ್ ಎಂದರೆ ಆ ಫೋನಿಗೆ ಮುಟ್ಟಿದೆ. ರಾತ್ರಿಯಿಡೀ ಒಂದೇ ಟಿಕ್ ಇದ್ದರೆ ಅಂಗಡಿಯವರು ಫೋನ್ ಮಾಡಿ ಹೇಳುವುದೇ ಸರಿ. ರೈತರ ಕಡೆಗೂ ಸುಳಿವು ಇತ್ತು. ಚಾಟ್ ತೆರೆದಿದ್ದರೆ ಆ ಉತ್ತರದ ಮೇಲೆ ‘ನಿನ್ನೆ’ ಎಂದೂ ಪಕ್ಕದಲ್ಲಿ ರಾತ್ರಿ 10 ಎಂದೂ ಕಾಣುತ್ತಿತ್ತು.

ಆದರೆ ಫಾರ್ವರ್ಡ್ ಆದ ಮೆಸೇಜ್‌ನಲ್ಲಿ ಈ ಸುಳಿವೂ ಉಳಿಯುವುದಿಲ್ಲ. ಫಾರ್ವರ್ಡ್ ಮಾಡಿದ ಕೂಡಲೇ ಅದಕ್ಕೆ ಹೊಸ ಸಮಯ ಬೀಳುತ್ತದೆ, ಮೊದಲು ಬರೆದ ದಿನ ಕಾಣುವುದಿಲ್ಲ. ಮಂಗಳ ಗ್ರಹದ ಸುದ್ದಿ ನೆನಪಿದೆಯೇ? 2003ರ ಆಗಸ್ಟ್ 27ರಂದು ಮಂಗಳ ನಿಜವಾಗಿಯೂ ಭೂಮಿಗೆ ಬಹಳ ಹತ್ತಿರ, ಸುಮಾರು 5.6 ಕೋಟಿ ಕಿ.ಮೀ. ದೂರಕ್ಕೆ ಬಂದಿತ್ತು. ಆ ಸುದ್ದಿಯಿಂದ ಇಸವಿ ಉದುರಿಹೋಯಿತು, ‘ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ’ ಎಂಬ ಸುಳ್ಳು ಸೇರಿತು. ಮುಂದೆ ಎಷ್ಟೋ ವರ್ಷ ಆಗಸ್ಟ್ ಬಂದಾಗಲೆಲ್ಲ ಅದೇ ಮೆಸೇಜ್ ಹೊಸದಾಗಿ ಓಡಾಡಿತು.

ಹಾಗಾಗಿ ‘ಇಂದು ರಾತ್ರಿ’ ಎನ್ನುವ ಫಾರ್ವರ್ಡ್‌ನಲ್ಲಿ ತಾರೀಖು, ಇಸವಿ ಇಲ್ಲದಿದ್ದರೆ, ಅದು ಯಾವ ರಾತ್ರಿ ಎಂದು ಕಳಿಸಿದವರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಮುಂದೆ ಕಳಿಸಬೇಡಿ. ನೀವು ಬರೆಯುವಾಗ ‘ನಾಳೆ’ ಬದಲು ವಾರ, ತಾರೀಖು ಹಾಕಿ. “ಮಂಗಳವಾರ ಬಜಾರ ಬಂದ್, ಬುಧವಾರ ತರ್ರಿ” ಎಂದು ಬರೆದಿದ್ದರೆ, ಬೆಳಿಗ್ಗೆ 7ಕ್ಕೆ ಮುಟ್ಟಿದರೂ ಆ ಟೆಂಪೊ ಹೊರಡುತ್ತಿರಲಿಲ್ಲ.